ಸಂಬಳದ ದೂರು ವಿಚಾರಿಸುವ ಅಧಿಕಾರಿಗಳಿಗೆ, ಫಾರಂ ಡಿ ಬರೆದವನ ಬಹಿರಂಗ ಪತ್ರ

ಮಾನ್ಯರೇ,

ನಾನು ಒಂದು ಎಂಜಿನಿಯರಿಂಗ್ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ 26 ವರ್ಷ ಸಂಬಳದ ಲೆಕ್ಕ ಬರೆದವನು. ಕಾರ್ಖಾನೆಯ ಹೆಸರು ಇಲ್ಲಿ ಬೇಡ. ರಿಟೈರ್ ಆದಮೇಲೆ ಸಂಬಳದ ತಕರಾರು ಇರುವವರು ಬಂದರೆ ಅರ್ಜಿ ಬರೆದುಕೊಡುತ್ತೇನೆ. ಫೀಸು ಏನಿಲ್ಲ, ಕಾಫಿ ಕೊಡಿಸಿದರೆ ಕುಡಿಯುತ್ತೇನೆ. ಆ ಅರ್ಜಿಗಳು ನಿಮ್ಮಂಥವರ ಮೇಜಿಗೇ ಬರುತ್ತವೆ. ಅಲ್ಲಿ ಬಂದಮೇಲೆ ಅವು ಎಲ್ಲಿ ಮುಗ್ಗರಿಸುತ್ತವೆ ಎಂದು ನೋಡಿ ನೋಡಿ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. 1976ರ ಸಮಾನ ವೇತನ ಕಾಯ್ದೆಯಲ್ಲಿ ಫಾರಂ ಡಿ ಎಂಬ ಒಂದು ರಿಜಿಸ್ಟರ್ ಇತ್ತು. ಕೆಲಸದ ವರ್ಗ, ಆ ಕೆಲಸದ ಚುಟುಕು ವಿವರ, ಅದರಲ್ಲಿ ಗಂಡಸರು ಎಷ್ಟು, ಹೆಂಗಸರು ಎಷ್ಟು, ಸಂಬಳದ ದರ ಎಷ್ಟು ಎಂದು ಅದರಲ್ಲಿ ತುಂಬಬೇಕು. ನಮ್ಮ ಕ್ವಾಲಿಟಿ ವಿಭಾಗದಲ್ಲಿ ಆರು ಜನ ಇದ್ದರು. ನಾನು ಬರೆದದ್ದು ಹೀಗೆ. ಕ್ವಾಲಿಟಿ ಇನ್‌ಸ್ಪೆಕ್ಟರ್: ಗಂಡಸರು 4, ಹೆಂಗಸರು ಇಲ್ಲ. ಇನ್‌ಸ್ಪೆಕ್ಷನ್ ಅಸಿಸ್ಟೆಂಟ್: ಗಂಡಸರು ಇಲ್ಲ, ಹೆಂಗಸರು 2. ಆರೂ ಜನ ಒಂದೇ ಮೇಜಿನ ಮೇಲೆ, ಒಂದೇ ಮೈಕ್ರೋಮೀಟರ್ ಹಿಡಿದು, ಒಂದೇ ಬಗೆಯ ಬಿಡಿಭಾಗ ಅಳೆಯುತ್ತಿದ್ದರು. ಆದರೆ ನನ್ನ ರಿಜಿಸ್ಟರಿನಲ್ಲಿ ಗಂಡು ಹೆಣ್ಣು ಒಂದೇ ಸಾಲಿನಲ್ಲಿ ಎಲ್ಲೂ ಇಲ್ಲ. ಒಂದೇ ಸಾಲಿನಲ್ಲಿ ಇಲ್ಲದಿದ್ದರೆ ವ್ಯತ್ಯಾಸ ಕಾಣುವುದಾದರೂ ಹೇಗೆ? ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ಸಾಹೇಬರು ಬಂದಾಗಲೆಲ್ಲ ಪುಟ ತಿರುವಿ ಸಹಿ ಹಾಕಿ ಹೋದರು.

ಇದನ್ನು ಹೇಳಲು ಕಾರಣವಿದೆ. ಸಂಬಳದ ಅಂತರ ಲಿಂಗದಿಂದ ಬಂತೋ ಅರ್ಹತೆಯಿಂದ ಬಂತೋ ಎನ್ನುವ ಸಾಕ್ಷಿ ಪೂರ್ತಿ ಇರುವುದು ಮಾಲೀಕರ ಬೀರುವಿನಲ್ಲಿ. ಕೆಲಸಗಾರರ ಕೈಯಲ್ಲಿ ಇರುವುದು ತುಣುಕು. ಆ ತುಣುಕಿನಿಂದ ಎಷ್ಟು ದೂರ ಹೋಗಬಹುದು, ಎಲ್ಲಿಂದಾಚೆ ನೀವು ಬೀರು ತೆಗೆಸಬೇಕು, ಇದು ನಾನು ಹೇಳಬೇಕಾದ ವಿಷಯ.

ಆ ಇಬ್ಬರು ಹೆಂಗಸರಲ್ಲಿ ಒಬ್ಬಾಕೆ ನಾನು ರಿಟೈರ್ ಆದಮೇಲೆ ಮನೆಗೆ ಬಂದರು. ಕೈಯಲ್ಲಿ ಅಪಾಯಿಂಟ್‌ಮೆಂಟ್ ಲೆಟರ್, ಸಂಬಳದ ಚೀಟಿಗಳ ಒಂದು ಕಟ್ಟು. "ಸಾರ್, ನನಗೂ ಅವರಿಗೂ ಇರೋ ವ್ಯತ್ಯಾಸ ನಿಮಗೇ ಗೊತ್ತಲ್ಲ" ಎಂದರು. ಗೊತ್ತಿತ್ತು. ತಲೆ ತಗ್ಗಿಸಿಕೊಂಡೇ ಶುರು ಮಾಡಿದೆ.

ಮೊದಲ ಮೆಟ್ಟಿಲು ಕೆಲಸ ಒಂದೇ ಎಂದು ತೋರಿಸುವುದು. ಈಗ 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಹಳೆಯ ಸಮಾನ ವೇತನ ಕಾಯ್ದೆ ಅದರೊಳಗೆ ಸೇರಿಹೋಗಿದೆ. ಒಂದೇ ಕೆಲಸ ಅಥವಾ ಅದೇ ಬಗೆಯ ಕೆಲಸಕ್ಕೆ ಲಿಂಗದ ಕಾರಣಕ್ಕೆ ಬೇರೆ ಬೇರೆ ಸಂಬಳ ಕೊಡಬಾರದು ಎಂದು ಅದರ 3ನೇ ಸೆಕ್ಷನ್ ಹೇಳುತ್ತದೆ. ಅದೇ ಬಗೆಯ ಕೆಲಸ ಎಂದರೆ ಏನು? ಬೇಕಾಗುವ ಕೌಶಲ, ಶ್ರಮ, ಅನುಭವ, ಜವಾಬ್ದಾರಿ ಒಂದೇ ಇರಬೇಕು, ಕೆಲಸದ ಪರಿಸ್ಥಿತಿಯೂ ಹೆಚ್ಚುಕಡಿಮೆ ಅದೇ ಇರಬೇಕು. ಸಣ್ಣಪುಟ್ಟ ವ್ಯತ್ಯಾಸ ಇದ್ದರೂ ಅದು ನಿಜವಾದ ಕೆಲಸದಲ್ಲಿ ಲೆಕ್ಕಕ್ಕೆ ಬರುವಂಥದ್ದಾಗಿರಬಾರದು. ಇಲ್ಲಿ ಹುದ್ದೆಯ ಹೆಸರಿನ ಮಾತೇ ಇಲ್ಲ, ಗಮನಿಸಿ.

ಹುದ್ದೆಯ ಹೆಸರು ಬದಲಿಸುವ ಆಟ ಹೊಸದೇನಲ್ಲ. 1987ರಲ್ಲಿ ಸುಪ್ರೀಂ ಕೋರ್ಟ್ ಮೆಕಿನಾನ್ ಮೆಕೆಂಜಿ ಕಂಪನಿ ಮತ್ತು ಆಡ್ರೆ ಡಿಕೋಸ್ಟಾ ನಡುವಿನ ಕೇಸಿನಲ್ಲಿ ಇದನ್ನೇ ನೋಡಿತು. ಅಲ್ಲಿ ಮಹಿಳಾ ಸ್ಟೆನೋಗಳಿಗೆ ಪುರುಷ ಸ್ಟೆನೋಗಳಿಗಿಂತ ಕಡಿಮೆ ಸಂಬಳ. ಅವರು ದೊಡ್ಡ ಅಧಿಕಾರಿಗಳ ಜೊತೆ ಕೆಲಸ ಮಾಡುವ ಬೇರೆಯೇ ವರ್ಗ ಎನ್ನುವುದು ಕಂಪನಿಯ ವಾದ. ಹೆಸರು ಬಿಡಿ, ಮಾಡುವ ಕೆಲಸ ನೋಡಿ ಎಂದಿತು ಕೋರ್ಟ್. ಕೊಡಲು ದುಡ್ಡಿಲ್ಲ ಎನ್ನುವುದೂ ನೆಪವಾಗುವುದಿಲ್ಲ ಎಂದಿತು.

ಹಾಗಾಗಿ ಆಕೆಗೆ ನಾನು ಕೊಟ್ಟ ಮೊದಲ ಕೆಲಸ ಒಂದು ನೋಟ್‌ಬುಕ್. ಒಂದು ತಿಂಗಳು, ದಿನಾ ಶಿಫ್ಟ್ ಮುಗಿದ ಮೇಲೆ, ಇವತ್ತು ಯಾವ ಭಾಗ ಅಳೆದೆ, ಎಷ್ಟು ತಿರಸ್ಕರಿಸಿದೆ, ಲಾಟ್ ಪಾಸ್ ಮಾಡುವ ಸಹಿ ಯಾರದು, ಪಕ್ಕದ ಗಂಡಸು ಏನು ಮಾಡಿದ, ಇಷ್ಟು ಬರೆಯಬೇಕು. ಅಭಿಪ್ರಾಯ ಬೇಡ, ಬೈಗುಳ ಬೇಡ. ತಿಂಗಳ ಕೊನೆಗೆ ಮುಖ್ಯವಾದ ಒಂದು ಸಂಗತಿ ಹೊರಬಂತು. ತಪಾಸಣಾ ವರದಿಯ ಕೆಳಗೆ 'ಪರೀಕ್ಷಿಸಿದವರು' ಎನ್ನುವ ಜಾಗದಲ್ಲಿ ಕೆಲವು ದಿನ ಆಕೆಯ ಸಹಿ, ಕೆಲವು ದಿನ ಆತನ ಸಹಿ. ಆತ ರಜೆ ಹಾಕಿದ ದಿನ ಆತನ ಲಾಟ್‌ಗಳಿಗೆಲ್ಲ ಆಕೆಯದೇ ಸಹಿ. ಆ ಸಹಿಯ ಮೇಲೆ ಮಾಲು ಗ್ರಾಹಕರಿಗೆ ಹೋಗಿದೆ. ಅಸಿಸ್ಟೆಂಟ್ ಅನ್ನಿಸಿಕೊಂಡವರ ಸಹಿ ಮೇಲೆ ಲಾರಿ ಹೊರಟಿದ್ದರೆ ಜವಾಬ್ದಾರಿ ಬೇರೆ ಹೇಗೆ ಆಗುತ್ತದೆ?

ವರದಿಗಳ ಫೋಟೋ ತೆಗೆಯಬೇಡಿ ಎಂದೆ. ಸಂಬಳದ ಫೈಲನ್ನಂತೂ ಮುಟ್ಟಲೇಬೇಡಿ ಎಂದೆ. ಹೀಗೆ ಮಾಡಿ ಗುಟ್ಟು ಹೊರಹಾಕಿದ ಆರೋಪಕ್ಕೆ ಸಿಕ್ಕಿ ಕೆಲಸ ಕಳೆದುಕೊಂಡವರನ್ನು ಕಂಡಿದ್ದೇನೆ. ಆಮೇಲೆ ಕೇಸು ಸಂಬಳದ್ದಾಗಿ ಉಳಿಯುವುದಿಲ್ಲ, ಶಿಸ್ತಿನದ್ದಾಗಿಬಿಡುತ್ತದೆ. ಅದರ ಬದಲು ವರದಿಯ ನಂಬರ್, ತಾರೀಖು ಮಾತ್ರ ಬರೆದುಕೊಂಡರೆ ಸಾಕು. ತರಿಸುವ ಅಧಿಕಾರ ನಿಮಗಿದೆ. ಏನು ತರಿಸಬೇಕು ಎಂದು ನಿಖರವಾಗಿ ಹೇಳಲು ಆಕೆಗೆ ಬಂದರೆ ಆಯಿತು.

ಎರಡನೆಯದು, ಯಾರ ಜೊತೆ ಹೋಲಿಸುವುದು. ಇಲ್ಲಿ ಹತ್ತರಲ್ಲಿ ಎಂಟು ಜನ ಎಡವುತ್ತಾರೆ. ಹೊಟ್ಟೆ ಉರಿಯುವುದು ಯಾವಾಗಲೂ ಅತಿ ಜಾಸ್ತಿ ಸಂಬಳದವನ ಮೇಲೆ. ಹಾಗಾಗಿ ಅವನ ಹೆಸರನ್ನೇ ಅರ್ಜಿಯಲ್ಲಿ ಹಾಕುತ್ತಾರೆ. ಆಕೆಯೂ ಹಾಗೇ ಮಾಡಿದ್ದರು. ಲೆಕ್ಕ ಸುಲಭವಾಗಲಿ ಎಂದು ಅಂಕಿಗಳನ್ನು ದುಂಡಗೆ ಮಾಡಿ ಹೇಳುತ್ತೇನೆ. ಆಕೆ ಸೇರಿದ್ದು 22,000 ರೂಪಾಯಿಗೆ. ಅದೇ ವರ್ಷ ಸೇರಿದ ಆತ 26,000ಕ್ಕೆ. ವ್ಯತ್ಯಾಸ 4,000. ಆದರೆ ಆತನಿಗೆ ಬೇರೆ ಕಡೆ ಒಂದು ವರ್ಷದ ಅನುಭವ ಇತ್ತು. ಆಕೆ ಡಿಪ್ಲೊಮಾ ಮುಗಿಸಿ ನೇರ ಬಂದವರು. 4,000 ಕೇಳಿದರೆ ಕಂಪನಿ ವಕೀಲರು "ಅನುಭವ ಇದೆಯಲ್ಲ" ಎಂಬ ಒಂದೇ ಮಾತಿನಲ್ಲಿ ಇಡೀ ಅರ್ಜಿಯನ್ನು ಮಡಚಿ ಇಟ್ಟುಬಿಡುತ್ತಾರೆ.

ಅದೃಷ್ಟಕ್ಕೆ ಅದೇ ವರ್ಷ ಇನ್ನೊಬ್ಬ ಹುಡುಗ ಸೇರಿದ್ದ. ಅದೇ ಡಿಪ್ಲೊಮಾ, ಅನುಭವ ಸೊನ್ನೆ. ಅವನಿಗೆ 24,500. ಅವನೇ ಸರಿಯಾದ ಜೋಡಿ. ಅವನ ಸಂಬಳದಿಂದ ಇನ್ನೊಂದು ವಿಷಯವೂ ಸಿಕ್ಕಿತು. ಒಂದು ವರ್ಷದ ಅನುಭವಕ್ಕೆ ಈ ಕಾರ್ಖಾನೆ ಕಟ್ಟುವ ಬೆಲೆ 1,500 ರೂಪಾಯಿ. ಅದನ್ನು ನಾವು ಹೇಳಿದ್ದಲ್ಲ, ಅವರೇ ಗಂಡಸರ ನಡುವೆ ಹಾಕಿದ ಬೆಲೆ. ಆ 1,500ನ್ನು ಅರ್ಜಿಯಲ್ಲಿ ನಾವೇ ಕಳೆದೆವು. ಉಳಿದದ್ದು 2,500. ಇದಕ್ಕೆ ಕಾರಣ ಹೇಳಿ ಎಂದು ಕೇಳಿದೆವು. ನ್ಯಾಯವಾದ ಕಾರಣ ಇದ್ದಷ್ಟನ್ನು ನಾವೇ ಮೊದಲು ಬಿಟ್ಟುಕೊಟ್ಟರೆ ಉಳಿದ ಮೊತ್ತ ಚಿಕ್ಕದಾಗುತ್ತದೆ, ನಿಜ. ಆದರೆ ಅದನ್ನು ಅಲ್ಲಾಡಿಸುವುದು ಕಷ್ಟ.

ಆ ಹುಡುಗನ ಸಂಬಳ ಗೊತ್ತಾದದ್ದು ಹೇಗೆ ಅಂದರೆ, ಅವನೇ ಹೇಳಿದ. ತನ್ನ ಪಿಎಫ್ ಪಾಸ್‌ಬುಕ್ ಮತ್ತು ಲೆಟರ್ ತೋರಿಸಿದ. ಎಲ್ಲರಿಗೂ ಇಂಥ ಸಹೋದ್ಯೋಗಿ ಸಿಗುವುದಿಲ್ಲ. ಸರ್ಕಾರಿ ಕಚೇರಿ, ಸರ್ಕಾರಿ ಉದ್ದಿಮೆಯಲ್ಲಾದರೆ ಇಷ್ಟು ಪರದಾಟ ಇಲ್ಲ. ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಪ್ರತಿ ನೌಕರರ ತಿಂಗಳ ಸಂಬಳವನ್ನು ಯಾರೂ ಕೇಳದೆಯೇ ಪ್ರಕಟಿಸಿರಬೇಕು. ಖಾಸಗಿಯಲ್ಲಿ ಆ ದಾರಿ ಇಲ್ಲ.

ಅದಕ್ಕೇ ಹೇಳುವುದು, ಮೊದಲ ದಿನವೇ "ಅವರ ಸ್ಯಾಲರಿ ಸ್ಲಿಪ್ ತಂದಿದ್ದೀಯೇನಮ್ಮ" ಎಂದು ಕೇಳಬೇಡಿ. ಹಾಗೆ ಕೇಳಿ ಮೂರು ಸಲ ಮುಂದಕ್ಕೆ ಹಾಕಿದ ಒಂದು ಅರ್ಜಿಯನ್ನು ನಾನು ಕಣ್ಣಾರೆ ಕಂಡೆ. ಯಾವ ಊರು, ಯಾರು ಎಂದು ಬರೆಯುವುದಿಲ್ಲ. ಕೆಲಸ ಒಂದೇ ಎಂದು ತೋರಿಸುವ ಹೊರೆ ಕೇಳುವವರದ್ದೇ. 2016ರಲ್ಲಿ ಪಂಜಾಬ್ ಸರ್ಕಾರ ಮತ್ತು ಜಗಜಿತ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಹಾಗೇ ಹೇಳಿದೆ. ಆದರೆ ಪಕ್ಕದವರ ಸಂಬಳದ ದಾಖಲೆ ತರುವುದು ಬೇರೆ ಮಾತು. ರಿಜಿಸ್ಟರ್ ಇಡುವ, ಸಂಬಳದ ಚೀಟಿ ಕೊಡುವ ಕರ್ತವ್ಯ ಸಂಹಿತೆಯಲ್ಲಿ ಮಾಲೀಕರದ್ದು. ಅವರಿಂದಲೇ ತರಿಸಿ.

ಈಗ ಇಂಕ್ರಿಮೆಂಟ್ ಕಥೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಅರ್ಹತೆ ಎನ್ನುವ ಮಾತು ಹೆಚ್ಚಾಗಿ ಅಡಗಿಕೊಳ್ಳುವುದು ಇಲ್ಲೇ.

ನಮ್ಮಲ್ಲಿ ವರ್ಷಕ್ಕೊಮ್ಮೆ ರೇಟಿಂಗ್ ಕೊಡುತ್ತಿದ್ದರು. ಆ ಹುಡುಗನಿಗೂ ಆಕೆಗೂ ಪ್ರತಿ ಸಲ ಒಂದೇ ರೇಟಿಂಗ್, ಇಬ್ಬರಿಗೂ ಶೇಕಡಾ 8. ಮೇಲಿನವರು ಇದನ್ನೇ ಎತ್ತಿ ತೋರಿಸಿದರು. "ನೋಡಿ, ನಾವು ಭೇದ ಮಾಡಿಲ್ಲ, ಇಬ್ಬರಿಗೂ ಒಂದೇ ಇಂಕ್ರಿಮೆಂಟ್ ಕೊಟ್ಟಿದ್ದೇವೆ." ಸರಿ. ಆದರೆ ಶೇಕಡಾವಾರು ಏರಿಕೆ ಮೂಲದ ಅಂತರವನ್ನೂ ಅಷ್ಟೇ ಏರಿಸುತ್ತದೆ. 2,500ರ ಅಂತರ ನಾಲ್ಕನೇ ಇಂಕ್ರಿಮೆಂಟ್ ಹೊತ್ತಿಗೆ 3,401 ಆಯಿತು. ಐದನೆಯದಕ್ಕೆ 3,673. ಆರನೆಯದಕ್ಕೆ 3,967. ಆರು ವರ್ಷ ಇಬ್ಬರ ಅರ್ಹತೆಯೂ ಒಂದೇ ಎಂದು ಕಂಪನಿಯೇ ಬರೆದು ಸಹಿ ಹಾಕಿದೆ. ಆದರೂ ಅಂತರ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗಿದೆ. ಅಂದರೆ ಇವತ್ತಿನ ಅಂತರದಲ್ಲಿ ಆರು ವರ್ಷದ ಕೆಲಸದ ಪಾಲು ಒಂದು ರೂಪಾಯಿಯೂ ಇಲ್ಲ. ಎಲ್ಲವೂ ಸೇರಿದ ದಿನ ಹಾಕಿದ ಆ ಒಂದು ಅಂಕಿಯಿಂದ ಬಂದದ್ದು.

ಹೀಗಾಗಿ ರೇಟಿಂಗ್ ಪತ್ರಗಳು ಕಂಪನಿಯ ಸಾಕ್ಷಿ ಎಂದು ಆಕೆ ಹೆದರಿದ್ದರು, ಅವೇ ಆಕೆಯ ಸಾಕ್ಷಿ ಆದವು. ಅರ್ಜಿ ಹಾಕುವವರು ಇಂಕ್ರಿಮೆಂಟ್ ಲೆಟರ್ ಬಿಸಾಡಬಾರದು ಎಂದು ನಾನು ಬಡಿದುಕೊಳ್ಳುವುದು ಇದಕ್ಕೇ.

ಬಾಕಿ ಲೆಕ್ಕಕ್ಕೆ ಮೂರು ವರ್ಷದ ಮಿತಿ ಇದೆ. 45ನೇ ಸೆಕ್ಷನ್ ಪ್ರಕಾರ ಬಾಕಿ ಹುಟ್ಟಿದ ಮೂರು ವರ್ಷದೊಳಗೆ ಅರ್ಜಿ ಹಾಕಬೇಕು. ಆದ್ದರಿಂದ ಕೊನೆಯ ಮೂರು ವರ್ಷ ಮಾತ್ರ ಹಿಡಿದೆವು. 3,401, 3,673, 3,967 ಮೂರನ್ನೂ ಕೂಡಿಸಿ 12ರಿಂದ ಗುಣಿಸಿದರೆ 1,32,492 ರೂಪಾಯಿ. ಅದರ ಮೇಲೆ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರವೂ ನಿಮಗಿದೆ. ನಾವು ಅಷ್ಟು ದುರಾಸೆ ಪಡಲಿಲ್ಲ.

ಅರ್ಜಿ ಹೋದಮೇಲೆ ಕಂಪನಿ ಕಾರಣಗಳನ್ನು ಹೇಳಲು ಶುರು ಮಾಡಿತು. ಮೊದಲು ಹುದ್ದೆ ಬೇರೆ ಎಂದರು. ಆಮೇಲೆ ಗಂಡಸರು ನೈಟ್ ಶಿಫ್ಟ್ ಮಾಡುತ್ತಾರೆ ಎಂದರು. ಅದಾದ ಮೇಲೆ ಭಾರ ಎತ್ತುತ್ತಾರೆ ಎಂದರು. ಕೊನೆಗೆ, ಸೇರುವಾಗ ಆ ಹುಡುಗ ಚೌಕಾಸಿ ಮಾಡಿದ, ಈಕೆ ಮಾಡಲಿಲ್ಲ ಎಂದರು. ಇಂಥ ಪ್ರತಿ ಕಾರಣಕ್ಕೂ ನಾನು ಮೂರೇ ಪ್ರಶ್ನೆ ಹಾಕುತ್ತೇನೆ. ಈ ಕಾರಣ ಯಾವತ್ತು ಹುಟ್ಟಿತು, ಸಂಬಳ ನಿಗದಿ ಮಾಡಿದ ದಿನವೋ ಅರ್ಜಿ ಬಂದ ಮೇಲೋ? ಇದನ್ನು ಎಲ್ಲರಿಗೂ ಹಚ್ಚಿದ್ದೀರೋ, ಇವರೊಬ್ಬರಿಗೋ? ಇದರ ಬೆಲೆ ಎಷ್ಟು ರೂಪಾಯಿ?

ನೈಟ್ ಶಿಫ್ಟ್ ತೆಗೆದುಕೊಳ್ಳಿ. ಸಂಬಳದ ಚೀಟಿಯಲ್ಲಿ ನೈಟ್ ಅಲೊವೆನ್ಸ್ ಎಂದು ಬೇರೆಯೇ ಸಾಲಿದೆ. ಎಷ್ಟು ರಾತ್ರಿ ಮಾಡಿದರೋ ಅಷ್ಟು ದುಡ್ಡು ಅಲ್ಲಿ ಬಂದಾಗಿದೆ. ನಾವು ಹೋಲಿಸಿದ್ದು ಅದನ್ನು ಬಿಟ್ಟು ಉಳಿದ ಸಂಬಳವನ್ನು. ಒಂದೇ ರಾತ್ರಿಗೆ ಎರಡು ಸಲ ಕೂಲಿ ಕೊಟ್ಟೆವು ಎಂದು ಕಂಪನಿ ಒಪ್ಪಿಕೊಳ್ಳುತ್ತದೆಯೇ? ಭಾರದ ಮಾತಿಗೆ ಹಾಯ್ಸ್ಟ್ ಇದೆ, ಹೆಲ್ಪರ್ ಇದ್ದಾರೆ. ನಾಲ್ವರು ಗಂಡಸರಲ್ಲಿ ಒಬ್ಬರಿಗೆ ಬೆನ್ನುನೋವಾಗಿ ಎರಡು ವರ್ಷದಿಂದ ಏನೂ ಎತ್ತಿಲ್ಲ, ಅವರ ಸಂಬಳ ಒಂದು ಪೈಸೆ ಇಳಿದಿಲ್ಲ. ಎರಡನೇ ಪ್ರಶ್ನೆಗೇ ಆ ಕಾರಣ ಬಿದ್ದುಹೋಯಿತು.

ಚೌಕಾಸಿ ಕಾರಣ ಸ್ವಲ್ಪ ಜಾಣತನದ್ದು. ಕೇಳಿದವನಿಗೆ ಕೊಟ್ಟೆವು, ಕೇಳದವರಿಗೆ ಕೊಡಲಿಲ್ಲ, ಇದರಲ್ಲಿ ಲಿಂಗ ಎಲ್ಲಿಂದ ಬಂತು ಎನ್ನುತ್ತಾರೆ. ಹುಡುಗನನ್ನು ಕೇಳಿದೆ. "ನಾನೇನೂ ಕೇಳಲಿಲ್ಲ ಸಾರ್, ಲೆಟರ್‌ನಲ್ಲಿ ಇದ್ದದ್ದಕ್ಕೆ ಸಹಿ ಹಾಕಿದೆ" ಎಂದ. ಅವನು ಹಾಗೆ ಹೇಳದಿದ್ದರೂ ಒಂದು ದಾರಿ ಇತ್ತು. ಅವರಿಬ್ಬರು ಸೇರಿದ ಆಸುಪಾಸಿನ ಎರಡು ವರ್ಷದಲ್ಲಿ ಅನುಭವವಿಲ್ಲದೆ ಸೇರಿದ ಎಲ್ಲ ಹೊಸಬರ ಮೊದಲ ಸಂಬಳ ತರಿಸುವುದು. ಚೌಕಾಸಿ ನಡೆದಿದ್ದರೆ ಅಂಕಿಗಳು ಚೆಲ್ಲಾಪಿಲ್ಲಿ ಇರುತ್ತವೆ, ಒಬ್ಬನಿಗೆ 23,800, ಇನ್ನೊಬ್ಬನಿಗೆ 25,200, ಹೀಗೆ. ಗಂಡಸರೆಲ್ಲ ಸರಿಯಾಗಿ 24,500, ಹೆಂಗಸರೆಲ್ಲ ಸರಿಯಾಗಿ 22,000 ಎಂದಿದ್ದರೆ ಅಲ್ಲಿ ಚೌಕಾಸಿ ನಡೆದಿಲ್ಲ, ಎರಡು ದರದ ಪಟ್ಟಿ ಇದೆ. ಇತ್ತು ಕೂಡ. ಅದನ್ನು ಟೈಪ್ ಮಾಡಿದವನು ನಾನೇ.

ಇನ್ನೊಂದು ಗಮನಿಸಿ. ಕಾರಣಗಳು ಒಂದಾದ ಮೇಲೆ ಒಂದು ಬಂದವು. ನಿಜವಾದ ಕಾರಣ ಇದ್ದವರು ಅದನ್ನು ಮೊದಲ ದಿನವೇ ಹೇಳುತ್ತಾರೆ. ಆದ್ದರಿಂದ ನನ್ನ ಬೇಡಿಕೆ ಇದು. ಮೊದಲ ವಿಚಾರಣೆಯಲ್ಲೇ ಅಂತರಕ್ಕೆ ಇರುವ ಎಲ್ಲ ಕಾರಣಗಳನ್ನೂ ಮಾಲೀಕರಿಂದ ಬರಹದಲ್ಲಿ ತೆಗೆದುಕೊಳ್ಳಿ, ಪ್ರತಿ ಕಾರಣದ ಮುಂದೆ ರೂಪಾಯಿ ಬರೆಸಿ. ಆಮೇಲೆ ಹೊಸ ಕಾರಣ ತಂದರೆ ಅದು ಇಷ್ಟು ದಿನ ಎಲ್ಲಿತ್ತು ಎಂದು ದಾಖಲೆಯಲ್ಲಿ ಕೇಳಿ.

ಜಾತಿಯ ವಿಷಯಕ್ಕೆ ಬರುತ್ತೇನೆ. ಇದು ಹೆಚ್ಚು ಕಷ್ಟದ್ದು, ಎರಡು ಕಾರಣಕ್ಕೆ. ಮೊದಲನೆಯದು, ವೇತನ ಸಂಹಿತೆಯ 3ನೇ ಸೆಕ್ಷನ್‌ನಲ್ಲಿ ಲಿಂಗ ಇದೆ, ಜಾತಿ ಇಲ್ಲ. ಎರಡನೆಯದು, ಜಾತಿಯ ಅಂತರ ಸಾಮಾನ್ಯವಾಗಿ ಸಂಬಳದ ದರದಲ್ಲಿ ಕಾಣುವುದಿಲ್ಲ. ಒಂದೇ ಹುದ್ದೆಯ ಇಬ್ಬರಿಗೆ ಜಾತಿ ನೋಡಿ ಬೇರೆ ದರ ಬರೆದದ್ದನ್ನು ನಾನು 26 ವರ್ಷದಲ್ಲಿ ಕಂಡಿಲ್ಲ. ಕಂಡದ್ದು ಬೇರೆ. ಯಾರನ್ನು ಯಾವ ಮೆಷಿನ್ ಮೇಲೆ ಹಾಕುತ್ತಾರೆ, ಯಾರನ್ನು ಟ್ರೇನಿಂಗ್‌ಗೆ ಕಳಿಸುತ್ತಾರೆ, ಯಾರಿಗೆ ಓಟಿ ಕೊಡುತ್ತಾರೆ ಎನ್ನುವುದರಲ್ಲಿ ಅದು ನಡೆಯುತ್ತದೆ. ಎರಡು ವರ್ಷ ಕಳೆದ ಮೇಲೆ ಒಬ್ಬನಿಗೆ ಕೌಶಲ ಇದೆ, ಇನ್ನೊಬ್ಬನಿಗೆ ಇಲ್ಲ. ಆಗ ಸಂಬಳದ ಅಂತರ ಅಪ್ಪಟ ಅರ್ಹತೆಯಂತೆಯೇ ಕಾಣುತ್ತದೆ.

ನಮ್ಮಲ್ಲಿ ಒಂದು ವರ್ಷ ಒಂಬತ್ತು ಹುಡುಗರು ಹೆಲ್ಪರ್‌ಗಳಾಗಿ ಒಟ್ಟಿಗೆ ಸೇರಿದರು. ಎಲ್ಲರಿಗೂ ಒಂದೇ ಸಂಬಳ. ಎಂಟು ತಿಂಗಳಾದ ಮೇಲೆ ಐದು ಜನರನ್ನು ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಮೆಷಿನ್ ಟ್ರೇನಿಂಗ್‌ಗೆ ಕಳಿಸಿದರು. ಆಪರೇಟರ್ ಆದಮೇಲೆ ಅವರಿಗೆ ತಿಂಗಳಿಗೆ 3,000 ಜಾಸ್ತಿ. ಉಳಿದ ನಾಲ್ವರು ಭಾಗಗಳ ಅಂಚಿನ ಚೂಪು ಉಜ್ಜುತ್ತಾ, ಲೋಹದ ಚೂರು ಗುಡಿಸುತ್ತಾ ಉಳಿದರು. ಆ ನಾಲ್ವರೂ ಪರಿಶಿಷ್ಟ ಜಾತಿಯವರು. ಕಳಿಸಿದ ಐದರಲ್ಲಿ ಪರಿಶಿಷ್ಟ ಜಾತಿಯವರು ಒಬ್ಬರೂ ಇರಲಿಲ್ಲ.

ಇಷ್ಟೇ ಹೇಳಿದರೆ ಕಾಕತಾಳೀಯ ಎನ್ನುತ್ತಾರೆ. ಹಾಗಾದರೆ ಲೆಕ್ಕ ಹಾಕೋಣ. ಒಂಬತ್ತು ಹೆಸರು ಚೀಟಿಯಲ್ಲಿ ಬರೆದು ಕಣ್ಣು ಮುಚ್ಚಿ ಐದು ಎತ್ತಿದರೆ 126 ಬೇರೆ ಬೇರೆ ಗುಂಪು ಬರಬಹುದು. ಆ ನಾಲ್ವರೂ ಹೊರಗೆ ಉಳಿಯುವುದು ಅದರಲ್ಲಿ ಒಂದೇ ಒಂದು ಗುಂಪಿನಲ್ಲಿ. ಇದರಿಂದ ಜಾತಿಯೇ ಕಾರಣ ಎಂದು ಸಾಬೀತಾಗುವುದಿಲ್ಲ. ಸುಮ್ನೆ ಆದದ್ದಲ್ಲ, ಯಾರೋ ಯಾವುದೋ ಅಳತೆಗೋಲು ಹಿಡಿದು ಆರಿಸಿದ್ದಾರೆ ಎಂದು ಮಾತ್ರ ಗೊತ್ತಾಗುತ್ತದೆ. ಆ ಅಳತೆಗೋಲು ಯಾವುದು ಎಂದು ಮುಂದೆ ಹುಡುಕಬೇಕು.

ಓದು ನೋಡಿ ಆರಿಸಿದೆವು ಎಂದು ಕಂಪನಿಯವರು ಹೇಳಬಹುದು. ಜಾಯ್ನಿಂಗ್ ಫಾರಂ ತೆಗೆದರೆ, ಉಳಿದ ನಾಲ್ವರಲ್ಲಿ ಇಬ್ಬರು ಐಟಿಐ ಮಾಡಿದವರು. ಕಳಿಸಿದ ಐವರಲ್ಲಿ ಇಬ್ಬರದು ಬರೀ ಎಸ್ಸೆಸ್ಸೆಲ್ಸಿ. ಹಾಜರಿ ಎನ್ನಬಹುದು. ಹಾಜರಿ ಪುಸ್ತಕ ನನ್ನದೇ, ಅದರಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ. ಸೂಪರ್‌ವೈಸರ್ ತನಗೆ ಪರಿಚಯ ಇದ್ದವರನ್ನು ಕಳಿಸಿರಬಹುದು, ಅದು ಪಕ್ಷಪಾತ ಹೌದು, ಜಾತಿಯಲ್ಲ ಎನ್ನಬಹುದು. ಇದು ಗಟ್ಟಿಯಾದ ಮಾತು, ತಳ್ಳಿಹಾಕಬಾರದು. ಆದರೆ ಐವರಲ್ಲಿ ಒಬ್ಬ ಬೇರೆ ರಾಜ್ಯದವನು, ಸೂಪರ್‌ವೈಸರ್‌ಗೆ ಅವನ ಭಾಷೆಯೂ ಬರುತ್ತಿರಲಿಲ್ಲ. ಪರಿಚಯವೇ ಕಾರಣವಾದರೆ ಅವನು ಹೋಗಬಾರದಿತ್ತು, ಅಲ್ವಾ?

ಆಮೇಲೆ ಉಳಿಯುವ ಪ್ರಶ್ನೆ, ಜಾತಿ ಗೊತ್ತಿತ್ತೇ ಎನ್ನುವುದು. ನಮಗೆ ಗೊತ್ತೇ ಇರಲಿಲ್ಲ, ನಾವು ಜಾತಿ ಕೇಳುವುದೇ ಇಲ್ಲ ಎನ್ನುವುದು ಎಲ್ಲ ಕಡೆಯೂ ಕೊನೆಯ ಗುರಾಣಿ. ಗೊತ್ತಿತ್ತು ಎಂದು ತೋರಿಸುವ ಕಾಗದ ಹೆಚ್ಚಾಗಿ ಎಲ್ಲೋ ಇದ್ದೇ ಇರುತ್ತದೆ. ಅಪ್ರೆಂಟಿಸ್ ಆಗಿ ಬಂದವರ ಒಪ್ಪಂದದ ಕಾಗದಗಳಲ್ಲಿ ವರ್ಗ ಬರೆದಿರುತ್ತದೆ, ಏಕೆಂದರೆ ಅಪ್ರೆಂಟಿಸ್ ಕಾಯ್ದೆಯಲ್ಲಿ ಪರಿಶಿಷ್ಟರಿಗೆ ಸ್ಥಾನ ಮೀಸಲಿದೆ. ನಮ್ಮ ಜಾಯ್ನಿಂಗ್ ಫಾರಂನಲ್ಲಿ ಜಾತಿ ಕಾಲಂ ಇತ್ತು. ಕಾಲಂ ಇಲ್ಲದ ಕಡೆಯೂ ಹೆಸರೇ ಸಾಕಾಗುತ್ತದೆ. 2007ರಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಆಟ್‌ವೆಲ್ ಪ್ರಕಟಿಸಿದ ಅಧ್ಯಯನದಲ್ಲಿ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಿದ್ದರು. ದಲಿತ ಅಡ್ಡಹೆಸರಿನ ಅರ್ಜಿಗಳಿಗೆ ಕರೆ ಬರುವ ಸಾಧ್ಯತೆ ಕಡಿಮೆ ಎಂದು ಕಂಡಿತು. ಅಲ್ಲಿ ಯಾರೂ ಯಾರ ಜಾತಿಯನ್ನೂ ಕೇಳಿರಲಿಲ್ಲ.

ಆ ನಾಲ್ವರು ಹುಡುಗರ ಕೇಸು ಅರ್ಜಿಯ ಹಂತಕ್ಕೇ ಬರಲಿಲ್ಲ. ಇಬ್ಬರು ಬಿಟ್ಟು ಹೋದರು, ಇಬ್ಬರು ಹೆದರಿದರು. ಆಗ ನಾನೂ ಟೈಮ್ ಆಫೀಸಿನೊಳಗೇ ಇದ್ದೆ, ಬಾಯಿ ಬಿಡಲಿಲ್ಲ. ಇವತ್ತು ಬಂದಿದ್ದರೆ ಎಲ್ಲಿಗೆ ಕಳಿಸುತ್ತಿದ್ದೆ? 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯ ಎರಡನೇ ಪರಿಶಿಷ್ಟದಲ್ಲಿ ಅನ್ಯಾಯದ ಕಾರ್ಮಿಕ ಪದ್ಧತಿಗಳ ಪಟ್ಟಿ ಇದೆ. ಅರ್ಹತೆಯನ್ನು ಲೆಕ್ಕಿಸದೆ ಒಂದು ಗುಂಪಿನ ಕಾರ್ಮಿಕರಿಗೆ ಪಕ್ಷಪಾತ ತೋರುವುದು ಎಂಬ ಸಾಲು ಅದರಲ್ಲಿದೆ. 1947ರ ಕಾಯ್ದೆಯಲ್ಲೂ ಇದೇ ಸಾಲು ಇತ್ತು, ಆದರೆ ಇದನ್ನು ಹಿಡಿದು ಬಂದವರನ್ನು ನಾನು ಕಂಡದ್ದು ಕಡಿಮೆ. ಈ ಸಾಲಿನ ಒಂದು ಲಾಭ ಏನೆಂದರೆ, ಮನಸ್ಸಿನಲ್ಲಿ ಜಾತಿ ಇತ್ತು ಎಂದು ಸಾಬೀತು ಮಾಡಬೇಕಿಲ್ಲ. ಅರ್ಹತೆ ನೋಡದೆ ಒಂದು ಗುಂಪಿಗೆ ಒಲಿದರು ಎಂದು ತೋರಿಸಿದರೆ ಸಾಕು. ಐಟಿಐ ಮತ್ತು ಎಸ್ಸೆಸ್ಸೆಲ್ಸಿ ಫಾರಂಗಳು ಆ ಕೆಲಸ ಮಾಡುತ್ತವೆ. ಮಿತಿಯೂ ಇದೆ. ಮೇಲ್ವಿಚಾರಣೆ ಕೆಲಸದಲ್ಲಿದ್ದು ತಿಂಗಳಿಗೆ 18,000 ದಾಟಿದವರು ಆ ಸಂಹಿತೆಯಲ್ಲಿ ಕಾರ್ಮಿಕರೆನಿಸುವುದಿಲ್ಲ. ಸರ್ಕಾರಿ ನೌಕರರಾದರೆ ಸಂವಿಧಾನದ 14, 15, 16ನೇ ವಿಧಿಗಳು ನೇರವಾಗಿ ಸಿಗುತ್ತವೆ. 338ನೇ ವಿಧಿಯ ಪ್ರಕಾರ ರಾಷ್ಟ್ರೀಯ ಪರಿಶಿಷ್ಟ ಜಾತಿಗಳ ಆಯೋಗಕ್ಕೆ ದೂರು ಕೊಡಬಹುದು, ವಿಚಾರಣೆಯಲ್ಲಿ ದಾಖಲೆ ತರಿಸಲು ಅದಕ್ಕೆ ಸಿವಿಲ್ ಕೋರ್ಟಿನಷ್ಟು ಅಧಿಕಾರ ಇದೆ.

ಸಂಬಳದ ಅಂತರ ಒಂದನ್ನೇ ಹಿಡಿದು ದೌರ್ಜನ್ಯ ತಡೆ ಕಾಯ್ದೆಯಲ್ಲಿ ದೂರು ಕೊಡಿ ಎಂದು ಕೆಲವರು ಸಲಹೆ ಕೊಡುತ್ತಾರೆ. ನಾನು ಕೊಡುವುದಿಲ್ಲ. ಜಾತಿ ಹಿಡಿದು ಬೈದದ್ದು, ಬಹಿಷ್ಕಾರ ಹಾಕಿದ್ದು ಇದ್ದರೆ ಆ ಮಾತು ಬೇರೆ. ಬರೀ ಅಂತರವಾದರೆ ಅಲ್ಲಿ ನಿಲ್ಲುವುದು ಕಷ್ಟ. ಅಲ್ಲಿ ಬಿದ್ದುಹೋದ ದೂರನ್ನು ಆಮೇಲೆ ನಿಮ್ಮ ಮುಂದೆ ತಂದು ಇದೂ ಸುಳ್ಳೇ ಎನ್ನುತ್ತಾರೆ.

ನಿಮ್ಮಿಂದ ಇಲ್ಲಿ ಒಂದೇ ಕೇಳಿಕೆ. ಕೌಶಲ ಇಲ್ಲ, ಅದಕ್ಕೆ ಸಂಬಳ ಕಡಿಮೆ ಎಂಬ ಉತ್ತರ ಬಂದಾಗ ಅಲ್ಲಿಗೇ ಫೈಲ್ ಮುಚ್ಚಬೇಡಿ. ಟ್ರೇನಿಂಗ್ ರಿಜಿಸ್ಟರ್ ತರಿಸಿ. ಯಾರ ಹೆಸರು ಯಾರು ಬರೆದುಕೊಟ್ಟರು, ಯಾವ ತಾರೀಖು, ಅವತ್ತು ಪಟ್ಟಿಯಲ್ಲಿ ಇಲ್ಲದವರ ಓದು ಏನು, ಇಷ್ಟು ನೋಡಿ. ಒಂದು ಮಧ್ಯಾಹ್ನದ ಕೆಲಸ. ಕಾರ್ಮಿಕ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, ರಾಜ್ಯವೂ ತಿದ್ದುಪಡಿ ತರಬಹುದು. ಲಿಂಗ ಎಂಬ ಪದದ ಪಕ್ಕ ಜಾತಿ ಎಂಬ ಪದವನ್ನೂ ಸೇರಿಸಬೇಕೆಂದು ನೀವೇ ಸರ್ಕಾರಕ್ಕೆ ಬರೆದರೆ ನಮ್ಮಂಥವರ ಮನವಿಗಿಂತ ಅದಕ್ಕೆ ತೂಕ ಜಾಸ್ತಿ.

ಆಕೆಯ ಅರ್ಜಿ ಇನ್ನೂ ನಡೆಯುತ್ತಿದೆ. ಕಂಪನಿ ಹಳೆಯ ಫಾರಂ ಡಿ ಪುಟಗಳನ್ನು ಹಾಜರುಪಡಿಸಿ, ಇಷ್ಟು ವರ್ಷ ಯಾವ ಇನ್‌ಸ್ಪೆಕ್ಟರೂ ತಪ್ಪು ಕಂಡಿಲ್ಲ ಎಂದು ವಾದಿಸುತ್ತಿದೆ. ಆ ಪುಟಗಳಲ್ಲಿರುವ ಅಕ್ಷರ ನನ್ನದು. ಎರಡು ಸಾಲು ಯಾಕೆ ಮಾಡಿದೆ, ಹಾಗೆ ಮಾಡಲು ಯಾರು ಹೇಳಿದರು ಎಂದು ಕೇಳಿದರೆ ಬಂದು ಹೇಳಿಕೆ ಕೊಡುತ್ತೇನೆ. ಸಮನ್ಸ್ ಕಳಿಸಿ.

ಇಂತಿ,
ಒಬ್ಬ ನಿವೃತ್ತ ಟೈಮ್ ಆಫೀಸ್ ಗುಮಾಸ್ತ